ಅರ್ಧ ವರ್ಷದ ಕೆಲಸ, ಅರೆಬರೆ ಬೋನಸ್: ಲೆಕ್ಕ ಸರಿಯಿದೆಯಾ?

ಏಪ್ರಿಲ್ ಮುಗಿದು ಬೋನಸ್ ಲೆಟರ್ ಬರುವ ಹೊತ್ತಿಗೆ ನನ್ನ ಫೋನಿಗೆ ಬಿಡುವೇ ಇರಲ್ಲ. ಪೇರೋಲ್ ವಿಭಾಗದಲ್ಲಿ ಕೆಲಸ ಮಾಡ್ತೀನಿ ಅನ್ನೋದು ನೆಂಟರಿಗೆಲ್ಲ ಗೊತ್ತು. ಕಳೆದ ವರ್ಷ ಬಂದ ಪ್ರಶ್ನೆಗಳಲ್ಲಿ ನನ್ನ ಚಿಕ್ಕಮ್ಮನ ಮಗನದ್ದು ಎಲ್ಲರಿಗೂ ಉಪಯೋಗ ಆಗುವಂಥದ್ದು. "ಅಕ್ಕಾ, ವರ್ಷದ ಮಧ್ಯೆ ಸೇರಿದೆ, ಸಂಬಳವಿಲ್ಲದ ರಜೆನೂ ಹಾಕಿದ್ದೆ. ಬೋನಸ್ ಕಮ್ಮಿ ಬರುತ್ತೆ ಅಂತ ಗೊತ್ತಿತ್ತು. ಆದ್ರೆ ಇಷ್ಟೊಂದು ಕಮ್ಮಿನಾ?" ಅಂದ.

ಅವನ ಲೆಕ್ಕ

ಅವನು ಕೆಲಸಕ್ಕೆ ಸೇರಿದ್ದು 2024ರ ಆಗಸ್ಟ್ 1ರಂದು. ವರ್ಷಕ್ಕೆ 12 ಲಕ್ಷ ಸಂಬಳ, ಅಂದರೆ ತಿಂಗಳಿಗೆ 1 ಲಕ್ಷ. ಆಫರ್ ಲೆಟರ್ ಪ್ರಕಾರ ಬೋನಸ್ ಶೇ 10, ಪೂರ್ತಿ ವರ್ಷಕ್ಕೆ 1,20,000 ರೂಪಾಯಿ. ನವೆಂಬರ್‌ನಲ್ಲಿ 15 ದಿನ ಎಲ್‌ಒಪಿ, ಅಂದರೆ ಸಂಬಳ ಕಡಿತದ ರಜೆ. ಆ ವರ್ಷ ಕಂಪನಿ ಬೋನಸ್ಸನ್ನು ಪೂರ್ತಿ ಶೇ 100ರ ದರದಲ್ಲೇ ಕೊಟ್ಟಿತ್ತು. ಆದರೂ ಅವನ ಕೈಗೆ ಬಂದ ಪತ್ರದಲ್ಲಿ ಇದ್ದದ್ದು 46,849 ರೂಪಾಯಿ, ಅದೂ ತೆರಿಗೆ ಕಡಿತಕ್ಕೆ ಮೊದಲಿನ ಮೊತ್ತ.

ಮೊದಲು ದಿನ ಎಣಿಸೋಣ. ಆಗಸ್ಟ್ 1ರಿಂದ 2025ರ ಮಾರ್ಚ್ 31ರವರೆಗೆ 243 ದಿನ. ಎಲ್‌ಒಪಿ 15 ದಿನ ಕಳೆದರೆ 228. ಹಾಗಾಗಿ:

```
1,20,000 × 228 ÷ 365 = 74,959
```

ರಜೆ ಹಾಕದೇ ಇದ್ದಿದ್ದರೆ 79,890 ಬರುತ್ತಿತ್ತು. ಅಂದರೆ 15 ದಿನದ ರಜೆಯಿಂದ ಹೋಗಬೇಕಾದದ್ದು ಸುಮಾರು 4,930 ರೂಪಾಯಿ ಮಾತ್ರ. ಹಾಗಾದರೆ ಉಳಿದ 28 ಸಾವಿರ ಎಲ್ಲಿ ಹೋಯ್ತು?

ಎರಡು ಸಲ ಕತ್ತರಿ

ಬೋನಸ್ ಲೆಕ್ಕ ಹಾಕಲು ಎರಡು ದಾರಿ ಇವೆ. ಮೊದಲನೆಯದರಲ್ಲಿ ಪೂರ್ತಿ ವರ್ಷದ ಬೋನಸ್ ಹಿಡಿದು, ಕೆಲಸ ಮಾಡಿದ ದಿನಗಳ ಪಾಲು ತೆಗೆಯುತ್ತಾರೆ. ಮೇಲೆ ನಾನು ಮಾಡಿದ್ದು ಅದೇ. ಎರಡನೆಯದರಲ್ಲಿ ವರ್ಷದಲ್ಲಿ ನಿಜಕ್ಕೂ ಕೈಗೆ ಬಂದ ಸಂಬಳದ ಶೇ 10 ಕೊಡುತ್ತಾರೆ. ಅವನಿಗೆ 8 ತಿಂಗಳ ಸಂಬಳದಲ್ಲಿ ನವೆಂಬರ್‌ನ ಅರ್ಧ ಕಡಿತವಾಗಿ 7,50,000 ಬಂದಿತ್ತು. ಅದರ ಶೇ 10 ಎಂದರೆ 75,000. ಎರಡೂ ದಾರಿ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ತಲುಪುತ್ತವೆ.

ತಪ್ಪಾಗೋದು ಎರಡನ್ನೂ ಒಟ್ಟಿಗೆ ಬೆರೆಸಿದಾಗ. 7,50,000ದಲ್ಲಿ ತಡವಾಗಿ ಸೇರಿದ ನಾಲ್ಕು ತಿಂಗಳೂ ಇಲ್ಲ, ರಜೆಯ 15 ದಿನವೂ ಇಲ್ಲ. ಅದರ ಮೇಲೆ ಮತ್ತೆ 228 ÷ 365 ಹಾಕಿದರೆ, ಒಮ್ಮೆ ಕಳೆದದ್ದನ್ನೇ ಇನ್ನೊಮ್ಮೆ ಕಳೆದಂತೆ. 75,000ಕ್ಕೆ ಹೀಗೆ ಹಾಕಿ ನೋಡಿ, ಸರಿಯಾಗಿ 46,849 ಬರುತ್ತೆ!

ಇದನ್ನು ಹಿಡಿಯೋದು ಸುಲಭ. ಬಂದ ಬೋನಸ್ಸನ್ನು ಪೂರ್ತಿ ವರ್ಷದ ಬೋನಸ್‌ನಿಂದ ಭಾಗಿಸಿ. ಅವನದ್ದು ಶೇ 39 ಬಂತು. ಕೆಲಸ ಮಾಡಿದ ದಿನಗಳು ವರ್ಷದ ಶೇ 62. ಎರಡೂ ಹತ್ತಿರ ಇರಬೇಕಿತ್ತು. 228 ÷ 365 ಅನ್ನು ಅದರಿಂದಲೇ ಗುಣಿಸಿದರೆ ಸುಮಾರು 0.39 ಬರುತ್ತೆ, ಅಂದರೆ ಕತ್ತರಿ ಎರಡು ಸಲ ಬಿದ್ದಿದೆ ಅಂತ ಅರ್ಥ. ಕಂಪನಿ ಆ ವರ್ಷ ಶೇ 80 ಮಾತ್ರ ಬೋನಸ್ ಘೋಷಿಸಿದ್ದರೆ, ಪೂರ್ತಿ ಬೋನಸ್‌ನ ಶೇ 80ರಿಂದ ಈ ಪರೀಕ್ಷೆ ಶುರು ಮಾಡಿ.

ಕೇಳುವ ಮುಂಚೆ

ಬೋನಸ್ ಪಾಲಿಸಿ ಒಮ್ಮೆ ಓದಿ. ಇಂತಿಂಥ ದಿನಾಂಕದ ನಂತರ ಸೇರಿದವರಿಗೆ ಆ ವರ್ಷ ಬೋನಸ್ ಇಲ್ಲ ಅಂತ ಕೆಲವು ಕಡೆ ಬರೆದಿರುತ್ತಾರೆ. ಎಲ್‌ಒಪಿ ದಿನಗಳನ್ನೂ ಪೇಸ್ಲಿಪ್ ಜೊತೆ ತಾಳೆ ನೋಡಿ. ಮೂರು ವಾರ ಸೋಮವಾರದಿಂದ ಶುಕ್ರವಾರದವರೆಗೆ ರಜೆ ಹಾಕಿದರೆ 15 ದಿನ. ಮಧ್ಯದ ಶನಿವಾರ, ಭಾನುವಾರಗಳನ್ನೂ ಸೇರಿಸಿದರೆ ಅದು 19 ಆಗುತ್ತೆ. ಸಂಬಳದಲ್ಲಿ 15 ಹಿಡಿದು ಬೋನಸ್‌ನಲ್ಲಿ 19 ಹಿಡಿದಿದ್ದರೆ ಕೇಳಲೇಬೇಕು. ಸಂಬಳ ಸಹಿತ ರಜೆ, ಸಂಬಳ ಸಹಿತ ಹೆರಿಗೆ ರಜೆ ಎಲ್‌ಒಪಿ ಅಲ್ಲ. ಕಡಿಮೆ ಸಂಬಳದವರಿಗೆ ಸಿಗುವ ಕಾನೂನುಬದ್ಧ ಬೋನಸ್‌ನಲ್ಲಂತೂ ಅವು ಕೆಲಸ ಮಾಡಿದ ದಿನಗಳೇ. ಅಲ್ಲಿ ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಸಾಕು, ಅರ್ಹತೆ ಸಿಗುತ್ತೆ. ಹೆಚ್ಚು ಸಂಬಳದವರ ವೇರಿಯಬಲ್ ಪೇಗೆ ಮಾತ್ರ ಆಫರ್ ಲೆಟರ್ ಮತ್ತು ಪಾಲಿಸಿಯೇ ಆಧಾರ.

"ಬೋನಸ್ ಕಮ್ಮಿ ಬಂದಿದೆ" ಅಂತ ಬರೆದರೆ "ಪ್ರೋ-ರೇಟಾ ಆಗಿದೆ" ಅನ್ನೋ ಒಂದು ಸಾಲಿನ ಉತ್ತರ ಬರುತ್ತೆ. ಅದಕ್ಕೇ ಅವನ ಕೈಲಿ ಎರಡೇ ಪ್ರಶ್ನೆ ಬರೆಸಿದೆ: ಶೇ 10 ಹಾಕಿದ್ದು ಯಾವ ಮೊತ್ತದ ಮೇಲೆ? ಆ ಮೊತ್ತದಲ್ಲಿ ಎಲ್‌ಒಪಿ ಈಗಾಗಲೇ ಕಳೆದಿದೆಯಾ? ಕೆಳಗೆ ಎರಡೂ ದಾರಿಯ ಲೆಕ್ಕ ಹಾಕಿದ್ವಿ. ಒಂದು ವಾರದಲ್ಲಿ ತಪ್ಪು ಒಪ್ಪಿಕೊಂಡು ಮೇಲ್ ಬಂತು, ಮುಂದಿನ ಸಂಬಳದ ಜೊತೆ ಬಾಕಿ 28,151 ರೂಪಾಯಿ ಅರಿಯರ್ಸ್ ಆಗಿ ಸೇರಿತು. ಅದೇ ವರ್ಷ ಮಧ್ಯದಲ್ಲಿ ಸೇರಿದ ಇನ್ನೂ ಕೆಲವರ ಲೆಕ್ಕವನ್ನೂ ಆಗಲೇ ತಿದ್ದಿದರಂತೆ.