ಶಿಲಾಪಾಕದಲ್ಲಿ ಹರಳುಗಳ ಸರದಿ

ಕಾರಟಗಿಯ ಭತ್ತದ ಬಯಲನ್ನು ದಾಟಿ ಗಂಗಾವತಿ, ಆನೆಗೊಂದಿಗಳತ್ತ ಸಾಗಿದವರಿಗೆ ಗೋಚರಿಸುವ ಬಂಡೆಗುಡ್ಡಗಳು ಸುಮಾರು 250 ಕೋಟಿ ವರ್ಷಗಳ ಹಿಂದಣ ತಿಳಿಬಣ್ಣದ ಗ್ರಾನೈಟಿನವು. ಈ ಸೀಮೆಯ ಗ್ರಾನೈಟನ್ನು ಅಲ್ಲಲ್ಲಿ ಸೀಳಿಕೊಂಡು ಮೇಲೆದ್ದು ಬಂದ ಡಾಲರೈಟ್ ಎಂಬ ಕರಿಕಲ್ಲಿನ ಗೋಡೆಗಳಾದರೋ ಅದಕ್ಕಿಂತ ಈಚಿನವು. ಎರಡೂ ಕರಗಿದ ಶಿಲಾಪಾಕವು ಆರಿ ಆದ ಅಗ್ನಿಶಿಲೆಗಳೇ ಆಗಿದ್ದರೂ ಒಂದು ಕಪ್ಪಾಗಿ ಇನ್ನೊಂದು ಬಿಳುಪಾಗಿ ಪರಿಣಮಿಸಿದುದೇಕೆ?

ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಭೂಭೌತ ಪ್ರಯೋಗಾಲಯದಲ್ಲಿ ನಾರ್ಮನ್ ಬೋವೆನ್ ಎಂಬ ಕೆನಡಾದ ವಿಜ್ಞಾನಿ ಖನಿಜಮಿಶ್ರಣಗಳನ್ನು ಕರಗಿಸಿ, ಗೊತ್ತಾದ ಉಷ್ಣತೆಯಲ್ಲಿ ಇರಿಸಿ, ಥಟ್ಟನೆ ತಣಿಸಿ ನೋಡುತ್ತಿದ್ದನು. ಆ ಕ್ಷಣದವರೆಗೆ ಮೂಡಿದ್ದ ಹರಳುಗಳು ಹರಳುಗಳಾಗಿಯೇ ಉಳಿದು, ಮಿಕ್ಕ ದ್ರವವೆಲ್ಲ ಗಾಜಾಗುತ್ತಿದ್ದುದರಿಂದ, ಯಾವುದು ಮೊದಲು ಯಾವುದು ಅನಂತರ ಎಂಬುದು ಸೂಕ್ಷ್ಮದರ್ಶಕಕ್ಕೆ ಸ್ಪಷ್ಟವಾಗುತ್ತಿತ್ತು. ಬಸಾಲ್ಟ್ ಬಗೆಯ ಪಾಕದಲ್ಲಿ ಸಾಮಾನ್ಯವಾಗಿ ಕಬ್ಬಿಣ, ಮೆಗ್ನೀಸಿಯಂಗಳುಳ್ಳ ಆಲಿವಿನ್ ಮುಂದಾಗುತ್ತದೆ; ಬಳಿಕ ಪೈರಾಕ್ಸೀನ್, ಹಾರ್ನ್‌ಬ್ಲೆಂಡ್, ಕರಿ ಅಭ್ರಕಗಳು ಬರುತ್ತವೆ. ಅವುಗಳ ಜೊತೆಜೊತೆಗೇ ಬೆಳೆಯುವ ಪ್ಲಾಜಿಯೊಕ್ಲೇಸ್ ಮೊದಲು ಸುಣ್ಣದಂಶವನ್ನೂ ಬರಬರುತ್ತ ಸೋಡಿಯಂ ಅಂಶವನ್ನೂ ಹೆಚ್ಚಾಗಿ ಒಳಗೊಳ್ಳುತ್ತದೆ. ಪೊಟ್ಯಾಸಿಯಂ ಫೆಲ್ಸ್ಪಾರ್ ಮತ್ತು ಬೆಣಚುಗಳ ಸರದಿ ಕಟ್ಟಕಡೆಯದು.

ಮೂಡಿದ ಹರಳು ದ್ರವದಲ್ಲಿಯೇ ನಿಂತರೆ ಅದರೊಡನೆ ಪ್ರತಿಕ್ರಿಯಿಸಿ ಮುಂದಿನ ಖನಿಜವಾಗಿ ಮಾರ್ಪಡುತ್ತದೆ. ತೂಕದಿಂದ ಕೆಳಗಿಳಿದು ಬೇರ್ಪಟ್ಟರೆ ದ್ರವದ ಗುಣವೇ ಬದಲಾಗುತ್ತದೆ. ಶೇಕಡಾ 50 ಸಿಲಿಕಾ ಇರುವ 100 ಪಾಲು ಪಾಕದಿಂದ ಶೇಕಡಾ 40 ಸಿಲಿಕಾ ಇರುವ ಆಲಿವಿನ್ 20 ಪಾಲು ಬೇರೆಯಾಯಿತೆನ್ನಿ. ಹೋದ ಸಿಲಿಕಾ 8 ಪಾಲು. ಉಳಿದ 80 ಪಾಲು ದ್ರವದಲ್ಲಿ 42 ಪಾಲು, ಅಂದರೆ ಶೇಕಡಾ 52.5. ಹೀಗೆಯೇ ಮುಂದುವರಿದಲ್ಲಿ ಶೇಕಡಾ 70ರ ಆಸುಪಾಸಿನ ಗ್ರಾನೈಟ್ ದ್ರವವು ಲಭಿಸಬಹುದು. ಬೇಗನೆ ಗಟ್ಟಿಯಾದ ಕರಿಕಲ್ಲಿನಲ್ಲಿ ಸರದಿಯ ಮೊದಲ ಭಾಗದ ಪೈರಾಕ್ಸೀನ್, ಸುಣ್ಣದಂಶದ ಪ್ಲಾಜಿಯೊಕ್ಲೇಸ್‌ಗಳೇ ಪ್ರಧಾನ, ಗ್ರಾನೈಟಿನಲ್ಲಿ ಕೊನೆಯವು. ಕುಷ್ಟಗಿ ಕಡೆಯ ಗುಲಾಬಿಗಲ್ಲಿನ ಬಣ್ಣವೂ ಅದರ ಪೊಟ್ಯಾಸಿಯಂ ಫೆಲ್ಸ್ಪಾರಿನದೇ. ನಯಗೊಳಿಸಿದ ಗ್ರಾನೈಟ್ ಚಪ್ಪಡಿಯಲ್ಲಿ ಬೆಣಚಿಗೆ ಸ್ವಂತ ಆಕಾರವಿಲ್ಲದೆ, ಇತರ ಹರಳುಗಳ ನಡುವಣ ಎಡೆಯನ್ನಷ್ಟೇ ಅದು ತುಂಬಿರುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಆದರೆ ಹರಳಿನ ಗಾತ್ರವನ್ನು ನೋಡಿ ಮೋಸಹೋಗಬಾರದು: ಹೆಬ್ಬೆರಳುದ್ದದ ಫೆಲ್ಸ್ಪಾರ್ ತನ್ನೊಳಗೆ ಕರಿ ಅಭ್ರಕದ ಚೂರುಗಳನ್ನು ಹುದುಗಿಸಿಕೊಂಡಿದ್ದರೆ, ದೊಡ್ಡದೆಂಬ ಮಾತ್ರಕ್ಕೆ ಅದು ಹಿರಿಯದಲ್ಲ.

ಈ ಲೆಕ್ಕದಿಂದ ಆನೆಗೊಂದಿಯ ಗುಡ್ಡಗಳೆಲ್ಲ ಬಸಾಲ್ಟ್ ಪಾಕದ ಶೇಷವೆಂದು ತೀರ್ಮಾನಿಸುವುದು ಅವಸರವಾದೀತು. ಅಂಥ ಪಾಕದಿಂದ ಕೊನೆಗುಳಿಯುವ ಗ್ರಾನೈಟ್ ದ್ರವವು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಇಷ್ಟು ಗ್ರಾನೈಟಿಗೆ ಅದರ ಅನೇಕ ಪಟ್ಟು ಕಪ್ಪುಶಿಲೆ ಎಲ್ಲಿಯಾದರೂ ಇರಬೇಕಾಗುತ್ತದೆ. ಆದಕಾರಣ, ಆಳದಿಂದ ಬಂದ ಬಿಸಿಗೆ ಈ ಗ್ರಾನೈಟಿಗಿಂತಲೂ ಹಳೆಯದಾದ ನೈಸ್ ಶಿಲೆಯು ಭಾಗಶಃ ಕರಗಿ ಇದರ ಬಹುಪಾಲನ್ನು ಒದಗಿಸಿರಬೇಕೆಂಬ ಊಹೆಯೇ ಹೆಚ್ಚು ಸಮಂಜಸವಾಗಿದೆ. ಅಲ್ಲಿ ಸರದಿಯು ತಿರುಗುಮುರುಗಾಗಿ, ಆರುವಾಗ ಕಡೆಗೆ ಗಟ್ಟಿಯಾಗುವ ಬೆಣಚು, ಫೆಲ್ಸ್ಪಾರ್‌ಗಳೇ ಕಾಯುವಾಗ ಮೊದಲು ಕರಗುತ್ತವೆ.