‘ನನಗೆ ಚಳಿ’ಯಿಂದ ಜರ್ಮನ್ ವಾರ್ಡಿನವರೆಗೆ

ಜರ್ಮನಿಯ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳು ವಿಮಾನ ಹತ್ತುವ ಮೊದಲೇ ಜರ್ಮನ್ ಕಲಿಯಬೇಕಾಗುತ್ತದೆ. ಯುರೋಪಿನ ಭಾಷಾ ಮಾನದಂಡದಲ್ಲಿ ಎ1ರಿಂದ ಸಿ2ರವರೆಗೆ ಆರು ಹಂತಗಳಿದ್ದು, ನರ್ಸಿಂಗ್ ವಿದ್ಯಾರ್ಹತೆಗೆ ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ನಾಲ್ಕನೆಯ ಹಂತವಾದ ಬಿ2 ಬೇಕು. ಮೊದಲಿನಿಂದ ಶುರುಮಾಡಿ ಅಲ್ಲಿಗೆ ಮುಟ್ಟಲು 45 ನಿಮಿಷದ ಪಾಠಗಳು ಸರಿಸುಮಾರು 600ರಿಂದ 800 ಹಿಡಿಯುತ್ತವೆ. ಡ್ಯೂಟಿ ಮುಗಿಸಿ ಬಂದು ದಿನಕ್ಕೆ ಎರಡು ಪಾಠ ಕೂತು ಓದಿದರೂ ಒಂದು ವರ್ಷ ಬೇಕು. ಇಷ್ಟು ದಿನ ಯಾವ ಪುಸ್ತಕದ ಜೊತೆ ಕಳೆಯಬೇಕು ಎಂಬುದನ್ನು ಅಂಗಡಿಯಲ್ಲಿ ನಿಂತು ಎರಡು ನಿಮಿಷದಲ್ಲಿ ತೀರ್ಮಾನಿಸಿದವರು ಬಹಳಷ್ಟು ಸಲ ಮೂರನೇ ತಿಂಗಳಿಗೆ ಇನ್ನೊಂದು ಪುಸ್ತಕ ಹುಡುಕುತ್ತಾರೆ.

ತರಗತಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ‘ನೆಟ್ಸ್‌ವೆರ್ಕ್ ನೊಯ್’, ‘ಮೆನ್ಷನ್’ ಮುಂತಾದ ಪಠ್ಯಗಳು. ಇವು ಪೂರ್ತಿ ಜರ್ಮನ್‌ನಲ್ಲೇ ಇರುತ್ತವೆ. ಪಾಠದ ಪುಸ್ತಕ, ಅಭ್ಯಾಸದ ಪುಸ್ತಕ ಬೇರೆ ಬೇರೆ. ಆಡಿಯೊ ಆನ್‌ಲೈನ್‌ನಲ್ಲಿ ಸಿಗುತ್ತದೆ. ಶಿಕ್ಷಕರಿಲ್ಲದೆ ಒಬ್ಬರೇ ಕೂತು ಓದುವವರಿಗೆ ಇಂಥ ಪಠ್ಯ ಮೊದಮೊದಲು ಗೋಡೆಯಂತೆ ಕಾಣುತ್ತದೆ. ಆಗ ನೆರವಿಗೆ ಬರುವುದು ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ ಇರುವ ‘ಗ್ರಮಾಟಿಕ್ ಆಕ್ಟಿವ್’ನಂಥ ವ್ಯಾಕರಣ ಪುಸ್ತಕ. ಜೊತೆಗೆ, ಹಂತಕ್ಕೆ ತಕ್ಕ ಸಣ್ಣ ಕಥೆಗಳೂ ಬೇಕು. ‘ಲಿಯೊ ಉಂಟ್ ಕೊ’ ಮಾಲೆಯ ತೆಳು ಪುಸ್ತಕಗಳು ಧ್ವನಿಮುದ್ರಿಕೆಯೊಂದಿಗೇ ಬರುತ್ತವೆ. ಆಂಡ್ರೆ ಕ್ಲೈನ್ ಬರೆದ ‘ಕಫೆ ಇನ್ ಬರ್ಲಿನ್’ನಲ್ಲಿ ಸಿಸಿಲಿಯಿಂದ ಬರ್ಲಿನ್‌ಗೆ ಬಂದ ಡಿನೊ ಎಂಬ ಹುಡುಗ ಊರು, ಮನೆ, ಭಾಷೆ ಎಲ್ಲದರ ಜೊತೆ ಗುದ್ದಾಡುತ್ತಾನೆ, ಹೊಸ ಊರಿಗೆ ಹೊರಟವರಿಗೆ ಅವನ ಪಾಡು ಬೇಗ ಅರ್ಥವಾಗುತ್ತದೆ.

ಮೂರೂ ಬಗೆಯ ಪುಸ್ತಕ ಏಕೆ ಬೇಕೆಂಬುದು ಒಂದೇ ವಾಕ್ಯವನ್ನು ಹಿಡಿದು ನೋಡಿದರೆ ತಿಳಿಯುತ್ತದೆ. ಕಥೆಯಲ್ಲಿ ಒಬ್ಬ ಪಾತ್ರ ಚಳಿಯಲ್ಲಿ ನಡುಗುತ್ತಾ ‘ಮೀರ್ ಇಸ್ಟ್ ಕಾಲ್ಟ್’ ಎನ್ನುತ್ತಾನೆ. ಇಂಗ್ಲಿಷ್ ಮೂಲಕ ಜರ್ಮನ್ ಕಲಿಯುವವರು ಇಲ್ಲಿ ತಡವರಿಸುತ್ತಾರೆ, ಏಕೆಂದರೆ ‘ಐ ಆಮ್ ಕೋಲ್ಡ್’ ಎಂಬುದನ್ನು ಪದಕ್ಕೆ ಪದ ಹೊಂದಿಸಿದರೆ ‘ಇಷ್ ಬಿನ್ ಕಾಲ್ಟ್’ ಆಗುತ್ತದೆ. ಅದನ್ನು ಕೇಳಿದ ಜರ್ಮನರಿಗೆ ‘ನಾನು ಭಾವನೆಯಿಲ್ಲದವನು’ ಎಂದಂತಾಗುತ್ತದೆ. ಕನ್ನಡದವರು ತಡವರಿಸಬೇಕಿಲ್ಲ. ‘ಮೀರ್’ ಎಂದರೆ ‘ನನಗೆ’. ವಾಕ್ಯ ನೇರವಾಗಿ ‘ನನಗೆ ಚಳಿ’. ‘ಮೀರ್ ಟೂಟ್ ಡೇರ್ ಕೊಪ್ಫ್ ವೇ’ ಎಂದರೆ ನನಗೆ ತಲೆ ನೋಯುತ್ತಿದೆ. ರೋಗಿ ‘ಮೀರ್ ಇಸ್ಟ್ ಶ್ಲೆಷ್ಟ್’ ಎಂದರೆ ಹೊಟ್ಟೆ ತೊಳೆಸುತ್ತಿದೆ, ವಾಂತಿ ಬರುವಂತಿದೆ ಎಂದರ್ಥ. ‘ಶ್ಲೆಷ್ಟ್’ಗೆ ‘ಕೆಟ್ಟ’ ಎಂಬ ಅರ್ಥ ಮಾತ್ರ ಗೊತ್ತಿದ್ದ ನರ್ಸ್ ಬೇಸನ್ ತರುವುದು ತಡವಾಗುತ್ತದೆ. ವ್ಯಾಕರಣ ಪುಸ್ತಕ ಇದನ್ನು ‘ಡಾಟಿಫ್’ ಎಂಬ ಅಧ್ಯಾಯದಲ್ಲಿ ಕೋಷ್ಟಕ ಹಾಕಿ ವಿವರಿಸುತ್ತದೆ. ಶಾಲೆಯಲ್ಲಿ ‘ಗೆ, ಇಗೆ, ಕ್ಕೆ’ ಎಂದು ಬಾಯಿಪಾಠ ಮಾಡಿದ ಚತುರ್ಥಿ ವಿಭಕ್ತಿಯೇ ಅದು ಎಂದು ಇಂಗ್ಲಿಷ್ ಓದುಗರಿಗಾಗಿ ಬರೆದ ಪುಸ್ತಕ ಹೇಳುವುದಿಲ್ಲ. ಅದನ್ನು ಓದುಗರೇ ಪುಟದ ಅಂಚಿನಲ್ಲಿ ಬರೆದುಕೊಳ್ಳಬೇಕು.

ಈ ಹೋಲಿಕೆ ಎಲ್ಲ ಕಡೆ ನಡೆಯುವುದಿಲ್ಲ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ, ಜರ್ಮನ್‌ನಲ್ಲಿ ಹಾಗಿಲ್ಲ. ಹುಡುಗಿ ಎಂಬರ್ಥದ ‘ಮೇಡ್‌ಷನ್’ ನಪುಂಸಕಲಿಂಗ. ಇದಕ್ಕೆ ಕಾರಣ ಹುಡುಕುವ ಬದಲು ಪ್ರತಿ ನಾಮಪದವನ್ನೂ ಅದರ ಮುಂದಿನ ‘ಡೇರ್’, ‘ಡೀ’, ‘ಡಾಸ್’ ಸಮೇತ ಕಲಿಯುವುದೇ ದಾರಿ. ಪದಪಟ್ಟಿಯಲ್ಲಿ ಈ ಗುರುತು ಕೊಡದ ಪುಸ್ತಕವನ್ನು ಕೊಳ್ಳದಿರುವುದೇ ಲೇಸು.

ಪಾಠ ಓದುವ ಕ್ರಮಕ್ಕೆ ಫ್ರಾನ್ಸಿನ ‘ಅಸಿಮಿಲ್’ ಮಾಲೆ ಒಳ್ಳೆಯ ಮಾದರಿ. ಇಲ್ಲಿ ನೂರರಷ್ಟು ಚಿಕ್ಕ ಸಂಭಾಷಣೆಗಳಿವೆ. ಒಂದು ಪುಟದಲ್ಲಿ ಜರ್ಮನ್, ಎದುರು ಪುಟದಲ್ಲಿ ಅನುವಾದ, ಕೆಳಗೆ ವ್ಯಾಕರಣದ ಟಿಪ್ಪಣಿ. ಮೊದಲ ಐವತ್ತು ಪಾಠಗಳಲ್ಲಿ ಕೇಳಿ, ಓದಿ, ಜೊತೆಗೂಡಿ ಹೇಳಿದರೆ ಸಾಕು. ಐವತ್ತನೆಯದಕ್ಕೆ ಬಂದಾಗ ಹೊಸ ಪಾಠದ ಜೊತೆಗೆ ಮೊದಲನೆಯ ಪಾಠಕ್ಕೂ ಮರಳಬೇಕು. ಈ ಸಲ ಜರ್ಮನ್ ಪುಟ ಮುಚ್ಚಿಟ್ಟು, ಅನುವಾದ ನೋಡಿ ಬಾಯಿಬಿಟ್ಟು ಜರ್ಮನ್‌ನಲ್ಲಿ ಹೇಳಬೇಕು. ಹೊಸದೊಂದು, ಹಳೆಯದೊಂದು ಎಂದು ಕೊನೆಯವರೆಗೂ ಹೀಗೇ ಸಾಗುತ್ತದೆ. ಕೇಳಿದರೆ ತಿಳಿಯುತ್ತದೆ, ಆದರೆ ಬಾಯಿಗೆ ಬರುವುದಿಲ್ಲ ಎಂಬ ದೂರು ಬರುವುದು ಹೆಚ್ಚಾಗಿ ಈ ಎರಡನೇ ಸುತ್ತನ್ನು ಬಿಟ್ಟವರಿಂದ. ಬೇರೆ ಯಾವ ಪುಸ್ತಕಕ್ಕೂ ಈ ಕ್ರಮವನ್ನು ಹೊಂದಿಸಿಕೊಳ್ಳಬಹುದು. ಅನುವಾದವಿಲ್ಲದ ಪಠ್ಯವಾದರೆ ಕನ್ನಡ ಅನುವಾದವನ್ನು ನೋಟ್‌ಬುಕ್ಕಿನಲ್ಲಿ ತಾವೇ ಬರೆದುಕೊಂಡರಾಯಿತು.

ಆಡಿಯೊವನ್ನು ಮೊದಲ ಸಲ ಪುಸ್ತಕ ಮುಚ್ಚಿ ಕೇಳಬೇಕು. ಅಕ್ಷರ ಮೊದಲು ಕಣ್ಣಿಗೆ ಬಿದ್ದರೆ ನಾಲಗೆ ಇಂಗ್ಲಿಷ್ ಉಚ್ಚಾರಕ್ಕೆ ಜಾರುತ್ತದೆ. ಹ್ರಸ್ವ, ದೀರ್ಘಗಳನ್ನು ಬೇರೆಯಾಗಿ ಕೇಳುವ ಕಿವಿ ಕನ್ನಡಿಗರಿಗೆ ಮೊದಲೇ ಇದೆ. ‘ಮಿಟೆ’ ಎಂದರೆ ನಡು, ‘ಮೀಟೆ’ ಎಂದರೆ ಬಾಡಿಗೆ ಎಂಬ ವ್ಯತ್ಯಾಸ ಒಮ್ಮೆಗೇ ತಿಳಿಯುತ್ತದೆ. ಕಷ್ಟ ಇರುವುದು ಕನ್ನಡದಲ್ಲಿಲ್ಲದ ಸ್ವರಗಳಲ್ಲಿ. ‘ಊ’ ಎನ್ನುವಂತೆ ತುಟಿ ಮುಂದೆ ಮಾಡಿ ‘ಈ’ ಎಂದರೆ ಅಂಥದ್ದೊಂದು ಹೊರಡುತ್ತದೆ. ಅದನ್ನು ಕನ್ನಡ ಲಿಪಿಯಲ್ಲಿ ಬರೆಯಲಾಗದು. ಪುಸ್ತಕದ ಅಂಚಿನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುವ ಅಭ್ಯಾಸ ಮೊದಲ ಕೆಲವು ವಾರ ಆಸರೆಯಾದರೂ ಆಮೇಲೆ ತಪ್ಪನ್ನೇ ಗಟ್ಟಿ ಮಾಡುತ್ತದೆ.

ಆಸ್ಪತ್ರೆಯ ಕೆಲಸಕ್ಕೆ ಹೋಗುವವರು ಕಿವಿಯನ್ನು ಎಲ್ಲಕ್ಕಿಂತ ಹೆಚ್ಚು ಪಳಗಿಸಬೇಕಾದದ್ದು ಅಂಕಿಗಳಿಗೆ. ಜರ್ಮನರು 54ನ್ನು ‘ನಾಲ್ಕು ಮತ್ತು ಐವತ್ತು’ ಎಂಬ ಕ್ರಮದಲ್ಲಿ ಹೇಳುತ್ತಾರೆ. ಕೇಳಿದ ಕ್ರಮದಲ್ಲೇ ಬರೆದರೆ ಅದು 45 ಆಗಿ ಕೂರುತ್ತದೆ. ನಾಡಿಮಿಡಿತದ ಪಟ್ಟಿಯಲ್ಲಾಗಲಿ ಔಷಧದ ಪ್ರಮಾಣದಲ್ಲಾಗಲಿ ಇದು ಸಣ್ಣ ತಪ್ಪಲ್ಲ. ಕಥೆಯ ಆಡಿಯೊದಲ್ಲಿ ಅಂಕಿ ಅಪರೂಪ. ಹಾಗಾಗಿ ದಿನಕ್ಕೆ ಹತ್ತು ಅಂಕಿ ಕೇಳಿ ಬರೆಯುವ ಅಭ್ಯಾಸವನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಮುಕ್ಕಾಲು ಭಾಗ ಕಥೆ ಅರ್ಥವಾದರೂ ಹತ್ತರಲ್ಲಿ ಎರಡು ಅಂಕಿ ತಪ್ಪುತ್ತಿದ್ದರೆ ಮುಂದಿನ ಹಂತಕ್ಕೆ ಅವಸರ ಮಾಡದಿರುವುದು ಒಳ್ಳೆಯದು. ಬಿ1 ಹತ್ತಿರ ಬಂದ ಮೇಲೆ ‘ಮೆನ್ಷನ್ ಇಮ್ ಬೆರೂಫ್ – ಪ್‌ಫ್ಲೇಗೆ’ಯಂಥ ಶುಶ್ರೂಷೆಯ ಪಠ್ಯ ಕೈಗೆತ್ತಿಕೊಳ್ಳಬಹುದು. ಅದಕ್ಕಿಂತ ಮೊದಲೇ ಕೊಂಡರೆ ಅಂಗಾಂಗಗಳ ಹೆಸರು ಬಾಯಿಪಾಠವಾಗುತ್ತದೆ, ರೋಗಿಯ ಜೊತೆ ಮಾತಾಡಲು ವಾಕ್ಯ ಬರುವುದಿಲ್ಲ.

ಗಡಿಯಾರದ ಮಾತು ಇನ್ನೊಂದು ಗೋಜಲು. ‘ಹಾಲ್ಪ್ ನೊಯ್ನ್’ ಎಂಬುದು ಕಿವಿಗೆ ಒಂಬತ್ತೂವರೆಯಂತೆ ಕೇಳಿಸುತ್ತದೆ, ಆದರೆ ಅದು ಎಂಟೂವರೆ: ಒಂಬತ್ತನೆಯ ಗಂಟೆಯ ಅರ್ಧ ಆಗಿದೆ ಎಂಬ ಲೆಕ್ಕ. ಇದನ್ನು ತಪ್ಪಾಗಿ ಕಲಿತವರು ಶಿಫ್ಟಿಗೆ ಒಂದು ಗಂಟೆ ತಡವಾಗಿ ಹೋಗುತ್ತಾರೆ. ಎಂಟೂಕಾಲಿಗೆ ಪಠ್ಯಗಳು ಕಲಿಸುವುದು ‘ಫಿರ್ಟೆಲ್ ನಾಖ್ ಆಖ್ಟ್’ ಎಂದು. ಆದರೆ ಪೂರ್ವ ಜರ್ಮನಿಯಲ್ಲೂ ದಕ್ಷಿಣದ ಕೆಲವೆಡೆಯೂ ಜನ ಅದನ್ನೇ ‘ಫಿರ್ಟೆಲ್ ನೊಯ್ನ್’, ಅಂದರೆ ಒಂಬತ್ತರ ಕಾಲು ಎನ್ನುತ್ತಾರೆ. ಎಂಟೂಮುಕ್ಕಾಲು ‘ಡ್ರೈಫಿರ್ಟೆಲ್ ನೊಯ್ನ್’. ತರಗತಿಯ ಆಡಿಯೊದಲ್ಲಿ ಇದು ಸಾಮಾನ್ಯವಾಗಿ ಕೇಳಸಿಗುವುದಿಲ್ಲ. ಡ್ರೆಸ್ಡೆನ್‌ನ ವಾರ್ಡಿನಲ್ಲಿ ಡ್ಯೂಟಿಯ ಹೊತ್ತು ಹೇಳಿದಾಗ ಅದನ್ನು 8:15 ಎಂದು ಅಂಕಿಯಲ್ಲಿ ಬರೆದು ತೋರಿಸಿ, ಇದೇನಾ ಎಂದು ಕೇಳಿಕೊಳ್ಳಬೇಕು.