ಹೆಂಗಸರು ದಿನಕ್ಕೆ 20,000 ಪದ, ಗಂಡಸರು 7,000 ಪದ ಮಾತಾಡ್ತಾರಾ? ಈ ಫಾರ್ವರ್ಡ್ ಎಷ್ಟು ನಿಜ?

"ಹೆಂಗಸರು ದಿನಕ್ಕೆ 20,000 ಪದ ಮಾತನಾಡುತ್ತಾರೆ, ಗಂಡಸರು ಬರೀ 7,000. ಇದು ವಿಜ್ಞಾನವೇ ಹೇಳಿದ್ದು" ಎಂಬ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಜೊತೆಗೆ ಇನ್ನೊಂದು ವಾದವೂ ಬರುತ್ತದೆ: "ಕನ್ನಡದಲ್ಲಿ ಬಂದನು, ಬಂದಳು ಅಂತ ಕ್ರಿಯಾಪದವೇ ಬೇರೆ ಬೇರೆ. ಅಂದಮೇಲೆ ಮಾತೂ ಬೇರೆಯೇ ಅಲ್ಲವೇ?" ಎರಡನ್ನೂ ನಾವು ಪರಿಶೀಲಿಸಿದೆವು.

ಈ ಸಂಖ್ಯೆ ಎಲ್ಲಿಂದ ಬಂತು?

2006ರಲ್ಲಿ ಅಮೆರಿಕದ ಮನೋವೈದ್ಯೆ ಲೂಆನ್ ಬ್ರಿಜೆಂಡೈನ್ ಅವರ ಪುಸ್ತಕದಿಂದ ಇದು ಜನಪ್ರಿಯವಾಯಿತು. ಇದರ ಹಿಂದೆ ಯಾವ ಅಧ್ಯಯನವಿದೆ ಎಂದು ಭಾಷಾವಿಜ್ಞಾನಿ ಮಾರ್ಕ್ ಲಿಬರ್‌ಮನ್ ಹುಡುಕಿದರು. ಪದಗಳನ್ನು ನಿಜವಾಗಿ ಎಣಿಸಿದ ಒಂದು ಅಧ್ಯಯನವೂ ಸಿಗಲಿಲ್ಲ.

ಮರುವರ್ಷವೇ, 2007ರಲ್ಲಿ, ಎಣಿಸಿ ನೋಡಿದ ಫಲಿತಾಂಶ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 396 ವಿದ್ಯಾರ್ಥಿಗಳು ಕೆಲವು ದಿನ ಚಿಕ್ಕ ರೆಕಾರ್ಡರ್ ಇಟ್ಟುಕೊಂಡು ಓಡಾಡಿದರು. ಅದು ಹನ್ನೆರಡೂವರೆ ನಿಮಿಷಕ್ಕೊಮ್ಮೆ ತಾನಾಗಿಯೇ 30 ಸೆಕೆಂಡು ದನಿ ಹಿಡಿಯುತ್ತಿತ್ತು. ಅದರ ಲೆಕ್ಕದಲ್ಲಿ ದಿನಕ್ಕೆ ಹೆಣ್ಣುಮಕ್ಕಳ ಸರಾಸರಿ 16,215 ಪದ, ಗಂಡುಮಕ್ಕಳದ್ದು 15,669. ಎಲ್ಲರಿಗಿಂತ ಹೆಚ್ಚು, ಸುಮಾರು 47,000 ಪದ ಮಾತನಾಡಿದ್ದು ಒಬ್ಬ ಗಂಡಸು!

ಅವರೆಲ್ಲ ಕಾಲೇಜು ವಯಸ್ಸಿನವರು ಎಂಬುದು ಆ ಅಧ್ಯಯನದ ಮಿತಿ. 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಾಲ್ಕು ದೇಶಗಳ 2,197 ಜನರನ್ನು ನೋಡಿತು. 25ರಿಂದ 64 ವರ್ಷದವರಲ್ಲಿ ಮಾತ್ರ ಹೆಂಗಸರು ದಿನಕ್ಕೆ ಸುಮಾರು 3,000 ಪದ ಹೆಚ್ಚು ಮಾತನಾಡಿದ್ದರು. ಮಕ್ಕಳ ಲಾಲನೆ ಪಾಲನೆ ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಊಹಿಸುತ್ತಾರೆ. ಉಳಿದ ವಯಸ್ಸಿನವರಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಫಾರ್ವರ್ಡ್ ಹೇಳುವ ಮೂರು ಪಟ್ಟು ವ್ಯತ್ಯಾಸವಂತೂ ಎಲ್ಲೂ ಇಲ್ಲ.

ಹಾಗಾದರೆ 'ಬಂದನು, ಬಂದಳು'?

"ನಾಳೆ ಚಾಮರಾಜನಗರಕ್ಕೆ ಹೋಗ್ತೀನಿ" ಎಂಬ ಮೆಸೇಜ್ ಬಂದರೆ, ಕಳಿಸಿದ್ದು ಗಂಡೋ ಹೆಣ್ಣೋ? ಈ ಸಾಲಿನಿಂದ ಹೇಳಲಾಗದು. ಕನ್ನಡದಲ್ಲಿ 'ನಾನು', 'ನೀನು' ಇದ್ದಾಗ ಕ್ರಿಯಾಪದಕ್ಕೆ ಲಿಂಗವಿಲ್ಲ. 'ಅವನು', 'ಅವಳು' ಎಂದಾಗ ಮಾತ್ರ ಅದು ಬದಲಾಗುತ್ತದೆ. ಅಂದರೆ 'ಬಂದಳು' ಎಂಬುದು ಯಾರ ಬಗ್ಗೆ ಮಾತು ಎಂದು ತಿಳಿಸುತ್ತದೆ, ಮಾತನಾಡುತ್ತಿರುವವರು ಯಾರು ಎಂದಲ್ಲ. ಗೌರವದಿಂದ 'ಬಂದರು' ಎಂದರೆ ಆ ಸುಳಿವೂ ಇರುವುದಿಲ್ಲ. ಹಿಂದಿ ಹಾಗಲ್ಲ. ಅಲ್ಲಿ ಗಂಡಸು ತನ್ನ ಬಗ್ಗೆ 'ಜಾವೂಂಗಾ' ಎಂದರೆ ಹೆಂಗಸು 'ಜಾವೂಂಗೀ' ಎನ್ನಬೇಕು.

ಈ ರೂಪಗಳು ಜನರ ಸ್ವಭಾವವನ್ನು ತೋರಿಸುತ್ತವೆಯೇ? ಗುಂಡ್ಲುಪೇಟೆಯಲ್ಲಿ ನಿಂತು ಯೋಚಿಸಿ. ಒಂದು ರಸ್ತೆ ಬಂಡೀಪುರ ದಾಟಿ ಊಟಿಗೆ ಹೋಗುತ್ತದೆ, ಇನ್ನೊಂದು ವಯನಾಡಿಗೆ. ಊಟಿಯ ತಮಿಳಿನಲ್ಲಿ ನಮ್ಮ ಹಾಗೆಯೇ 'ವಂದಾನ್', 'ವಂದಾಳ್' ಎಂದು ಬೇರೆ ಮಾಡುತ್ತಾರೆ. ವಯನಾಡಿನ ಮಲಯಾಳದಲ್ಲಿ ನಾನು, ನೀನು, ಅವನು, ಅವಳು ಯಾರು ಬಂದರೂ 'ವನ್ನು' ಒಂದೇ. ಕಾಸರಗೋಡು ಕಡೆಯ ಹವ್ಯಕ ಕನ್ನಡದಲ್ಲಿ ಹೆಂಗಸಿನ ಬಗ್ಗೆ 'ಅದು ಬಂತು' ಎನ್ನುವುದು ರೂಢಿ, ಅದು ಬೈಗುಳವಲ್ಲ. ಕ್ರಿಯಾಪದ ನೋಡಿ ಸ್ವಭಾವ ಅಳೆಯುವುದಾದರೆ, ಕಾಡಿನ ಈಚೆ ಗಂಡು ಹೆಣ್ಣು ಬೇರೆ, ಆಚೆ ಒಂದೇ ಎನ್ನಬೇಕಾಗುತ್ತದೆ!

ಹಾಗಾದರೆ ವ್ಯತ್ಯಾಸವೇ ಇಲ್ಲವೇ?

ಇದೆ, ಆದರೆ ಅದರ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಹೆಂಗಸರು 'ಅನ್ಸುತ್ತೆ', 'ಅಲ್ವಾ?' ಎಂದು ಅಳುಕಿನಿಂದ ಮಾತನಾಡುತ್ತಾರೆ ಎಂಬ ಅರ್ಥದ ವಾದವನ್ನು ರಾಬಿನ್ ಲೇಕಾಫ್ 1970ರ ದಶಕದಲ್ಲಿ ಇಂಗ್ಲಿಷ್ ಬಗ್ಗೆ ಮಂಡಿಸಿದ್ದರು. ಓಬಾರ್ ಮತ್ತು ಆಟ್ಕಿನ್ಸ್ ಎಂಬ ಸಂಶೋಧಕರು ಅಮೆರಿಕದ ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಮಾತನ್ನು ಪರೀಕ್ಷಿಸಿ 1980ರಲ್ಲಿ ಬರೆದರು. ತಜ್ಞರಾಗಿ ಬಂದ ಮಹಿಳೆಯರ ಮಾತಿನಲ್ಲಿ ಈ ಅಳುಕು ಕಡಿಮೆ. ಸ್ಥಾನಮಾನ ಕಡಿಮೆ ಇದ್ದ, ಕೋರ್ಟು ಕಂಡಿರದ ಗಂಡಸರಲ್ಲಿ ಅದು ಹೆಚ್ಚು. ಅಂದರೆ ಅದು ಹೆಣ್ಣಿನ ಭಾಷೆಯಲ್ಲ, ಅಧಿಕಾರವಿಲ್ಲದವರ ಭಾಷೆ. ಹಾಗೆ ಮಾತನಾಡಿದ ಸಾಕ್ಷಿ ಗಂಡಾಗಲಿ ಹೆಣ್ಣಾಗಲಿ, ಕೇಳುವವರು ಅವರನ್ನು ಕಡಿಮೆ ನಂಬುತ್ತಾರೆ ಎಂಬುದೂ ಅದೇ ತಂಡದ ಪ್ರಯೋಗದಲ್ಲಿ ಕಂಡಿತ್ತು.

ತಾಲ್ಲೂಕು ಕಚೇರಿಯಲ್ಲಿ "ಅರ್ಜಿ ಕೊಟ್ಟಿದ್ದೆ ಅನ್ಸುತ್ತೆ ಸಾರ್" ಎನ್ನುವ ಮಹಿಳೆಗೆ "ನಿಮಗೇ ಗ್ಯಾರಂಟಿ ಇಲ್ವಲ್ಲ" ಎಂಬ ಉತ್ತರ ಸಿಕ್ಕರೆ, ಕಳೆದುಹೋಗುವುದು ಅವಳ ಪಿಂಚಣಿ. ಅಲ್ಲಿ ನೋಡಬೇಕಾದದ್ದು ಅವಳ ಕೈಯಲ್ಲಿರುವ ಸ್ವೀಕೃತಿ ಚೀಟಿಯನ್ನು, ಮಾತಿನ ಧಾಟಿಯನ್ನಲ್ಲ.

ನಮ್ಮ ತೀರ್ಮಾನ: 20,000 ಮತ್ತು 7,000 ಎಂಬ ಲೆಕ್ಕ ಆಧಾರವಿಲ್ಲದ್ದು. 'ಬಂದನು, ಬಂದಳು' ಕನ್ನಡದ ವ್ಯಾಕರಣ, ಗಂಡು ಹೆಣ್ಣಿನ ಸ್ವಭಾವಕ್ಕೆ ಪುರಾವೆಯಲ್ಲ.